ಕಪಾಟಿನೊಳಗಿನ ಕಾರ್ಡಿಗೆ ವರ್ಷಕ್ಕೆ 295 ರೂಪಾಯಿ: ನಮ್ಮ ಶಾಖೆಯ ಮೆನೇಜರರಿಗೊಂದು ಬಹಿರಂಗ ಪತ್ರ

ಮಾನ್ಯ ಮೆನೇಜರರೇ,

ನಮಸ್ಕಾರ. 2025ರ ಸೆಪ್ಟೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ನಿಮ್ಮ ಕೌಂಟರಿನ ಎದುರು ಪಾಸ್‌ಬುಕ್ ಬಿಡಿಸಿಟ್ಟುಕೊಂಡು ಅರ್ಧ ಗಂಟೆ ಕ್ಯೂ ತಡೆದವ ನಾನೇ. ನೀವು ಆಗ ಒಳಗೆ ಯಾರದ್ದೋ ಚಿನ್ನದ ಸಾಲದ ಕಾಗದ ನೋಡುತ್ತಿದ್ದಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಈ ಶಾಖೆಗೆ ಬಂದು ಆಗ ವರ್ಷವೂ ಆಗಿರಲಿಲ್ಲ, ನಾನು ಹೇಳುವ ಕಥೆ ನಿಮಗಿಂತ ಮೊದಲಿದ್ದ ಇಬ್ಬರು ಮೆನೇಜರರ ಕಾಲದಿಂದ ನಡೆದು ಬಂದದ್ದು. ಆದರೆ ಯಾರಿಗಾದರೂ ಬರೆಯಬೇಕಲ್ಲ. ಕೌಂಟರಿನಲ್ಲಿ ಹೇಳಿದ್ದು ಕೌಂಟರಿನಲ್ಲೇ ಉಳಿಯುತ್ತದೆ, ಅದಕ್ಕೇ ಊರವರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು ಹಾಕಿಲ್ಲ. ಇದನ್ನು ಓದಿದವರು ಮನೆಗೆ ಹೋಗಿ ತಮ್ಮ ತಮ್ಮ ಪಾಸ್‌ಬುಕ್ ತೆರೆದು ನೋಡಲಿ, ಯಾವ ಬ್ಯಾಂಕಿನದ್ದಾದರೂ ಸರಿ.

ವಿಷಯ ನನ್ನ ಅಮ್ಮನ ಉಳಿತಾಯ ಖಾತೆಯದ್ದು. ಅಮ್ಮನಿಗೆ 71 ವರ್ಷ. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ನಮ್ಮ ಮನೆ. ಆ ಖಾತೆಗೆ ಹಣ ಬರುವುದು ಎರಡೇ ದಾರಿಯಲ್ಲಿ. ಒಂದು, ಕೇರಳ ಸರ್ಕಾರದ ವಿಧವಾ ಪಿಂಚಣಿ, ಆಗ ತಿಂಗಳಿಗೆ 1600 ಇತ್ತು. ಇನ್ನೊಂದು, ಅಡಿಕೆ ಕೊಟ್ಟಾಗ ನಾನು ಹಾಕುವ ಒಂದಿಷ್ಟು. ತೆಗೆಯುವುದು ತಿಂಗಳಿಗೊಮ್ಮೆ, ಅದೂ ಪಾಸ್‌ಬುಕ್ ತಗೊಂಡು ಬಂದು, ಫಾರ್ಮ್ ತುಂಬಿಸಿ, ಸಹಿ ಹಾಕಿ. ಎಟಿಎಮ್ ಕೋಣೆಯೊಳಗೆ ಅಮ್ಮ ಹೋದದ್ದು ಎರಡೋ ಮೂರೋ ಸಲ, ಅದೂ ನನ್ನ ಜತೆ. ಆ ಎಸಿ ತಂಪು ಬಿಟ್ಟರೆ ಅದರಲ್ಲಿ ಅವಳಿಗೆ ಇಷ್ಟವಾದದ್ದು ಏನೂ ಇಲ್ಲ.

2023ರ ಮೇ ತಿಂಗಳಲ್ಲಿ ಕಾಸರಗೋಡಿಂದ ಬರುವಾಗ ಬಸ್ಸಿನಲ್ಲಿ ಅಮ್ಮನ ಪರ್ಸ್ ಹೋಯಿತು. ಒಳಗೆ ಇನ್ನೂರು ಚಿಲ್ಲರೆ ರೂಪಾಯಿ, ಒಂದು ಮದ್ದಿನ ಚೀಟಿ, ಮತ್ತೆ ಡೆಬಿಟ್ ಕಾರ್ಡ್. ಅವತ್ತು ರಾತ್ರಿಯೇ ನಾನು ನಿಮ್ಮ ಬ್ಯಾಂಕಿನ ಕಸ್ಟಮರ್ ಕೇರಿಗೆ ಫೋನ್ ಮಾಡಿಸಿದೆ. ಇಂಗ್ಲಿಷಿಗೆ ಇಷ್ಟು ಒತ್ತಿ, ಹಿಂದಿಗೆ ಅಷ್ಟು ಒತ್ತಿ ಅಂತೆಲ್ಲ ಮುಗಿದು ಒಬ್ಬರು ಸಿಕ್ಕಿದರು. ಅಮ್ಮನ ಹುಟ್ಟಿದ ದಿನ ಕೇಳಿದರು, ಹೇಳಿದಳು. ಕಾರ್ಡ್ ಬ್ಲಾಕ್ ಮಾಡಿ ಅಂದೆವು, ಆಯಿತು ಅಂದರು. ನನ್ನ ಮಟ್ಟಿಗೆ ಆ ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು. ಹೊಸ ಕಾರ್ಡ್ ಬೇಕು ಅಂತ ನಾನೂ ಹೇಳಿಲ್ಲ, ಅಮ್ಮನೂ ಹೇಳಿಲ್ಲ, ಅವರೂ ಕೇಳಿಲ್ಲ.

ಹತ್ತು ಹನ್ನೆರಡು ದಿನ ಕಳೆದು ಪೋಸ್ಟಿನಲ್ಲಿ ಒಂದು ದಪ್ಪ ಕವರ್ ಬಂತು. ಹೊಸ ಕಾರ್ಡ್. ಅಮ್ಮ ಅದನ್ನು ಹಾಗೆಯೇ ಕಪಾಟಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟಳು. ಪಿನ್ ಮಾಡಲಿಲ್ಲ. ಒಂದು ಸಲವೂ ಯಾವ ಮೆಷೀನಿಗೂ ಹಾಕಲಿಲ್ಲ. ಕಾರ್ಡಿನ ಮೇಲೆ ಅಂಟಿಸಿದ್ದ ಕಾಗದವನ್ನು ಕೂಡ ಕಿತ್ತಿಲ್ಲ, ಅದು ಇವತ್ತಿಗೂ ಹಾಗೇ ಇದೆ.

2025ರ ಸೆಪ್ಟೆಂಬರಿನಲ್ಲಿ ಪಾಸ್‌ಬುಕ್ ತುಂಬಿ ಹೊಸದು ಬೇಕಾಯಿತು. ಆಗಲೇ ನಾನು ಹಳೆಯದನ್ನು ಕೂತು ಓದಿದ್ದು. ಅದುವರೆಗೆ ನೋಡುತ್ತಿದ್ದದ್ದು ಕೊನೆಯ ಸಾಲಿನ ಬ್ಯಾಲೆನ್ಸ್ ಮಾತ್ರ. ಎಲ್ಲರೂ ಅಷ್ಟೇ ಅಲ್ವಾ ನೋಡುವುದು?

ಸಿಕ್ಕಿದ್ದು ಇದು. 2023ರ ಜೂನಿನಲ್ಲಿ ಹೊಸ ಕಾರ್ಡಿನ ಬಾಬ್ತು 200, ಮೇಲೆ 36 ಜಿಎಸ್‌ಟಿ, ಒಟ್ಟು 236. ಆಗಸ್ಟಿನಲ್ಲಿ ವಾರ್ಷಿಕ ನಿರ್ವಹಣೆ ಅಂತ 150, ಜಿಎಸ್‌ಟಿ 27, ಒಟ್ಟು 177. ಮುಂದಿನ ವರ್ಷ 150 ಇದ್ದದ್ದು 250 ಆಗಿದೆ, ಜಿಎಸ್‌ಟಿ ಸೇರಿ 295. ಅದು 2024ರ ಜೂನಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ. 2025ರಲ್ಲೂ ಹಾಗೆಯೇ, ಜೂನಿನಲ್ಲಿ 295, ಆಗಸ್ಟಿನಲ್ಲಿ 295. ಕೂಡಿಸಿ ನೋಡಿದೆ. 1593 ರೂಪಾಯಿ. ಅಮ್ಮನ ಒಂದು ತಿಂಗಳ ಪಿಂಚಣಿಗೆ ಏಳೇ ರೂಪಾಯಿ ಕಮ್ಮಿ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂತ ನೀವು ಕೇಳಬಹುದು. ನಿಮ್ಮ ಕೌಂಟರಿನವರು ಕೇಳಿಯೂ ಕೇಳಿದರು. ಪಾಸ್‌ಬುಕ್ಕಿನಲ್ಲಿ 295 ಅನ್ನುವ ಅಂಕಿ ಎಲ್ಲೂ ಇಲ್ಲ ಸ್ವಾಮಿ. ಅದು ಮೂರು ತುಂಡಾಗಿ ಬರುತ್ತದೆ. `DC AMC CHGS` ಅಂತ 250. ಅದರ ಕೆಳಗೆ `CGST` ಅಂತ 22.50. ಅದರ ಕೆಳಗೆ `SGST` ಅಂತ ಮತ್ತೊಂದು 22.50. ಪ್ರಿಂಟರಿನ ಶಾಯಿ ಬೇರೆ ಮಾಸಲು. ಇದು ಕಾರ್ಡಿನ ಹಣ ಅಂತ ಯಾರಿಗೆ ಹೊಳೆಯಬೇಕು? ಇಂಗ್ಲಿಷ್ ಬರುವ ನನಗೇ ಡಿಸಿ ಅಂದರೆ ಡೆಬಿಟ್ ಕಾರ್ಡ್ ಅಂತ ಹೊಳೆಯಲು ಒಂದು ನಿಮಿಷ ಬೇಕಾಯಿತು. ಅಮ್ಮನಿಗೆ ಕನ್ನಡ ಓದಲು ಬರುತ್ತದೆ, ಮಲಯಾಳ ಮಾತಾಡಲು ಬರುತ್ತದೆ, ಇಂಗ್ಲಿಷಿನ ಮೂರಕ್ಷರದ ಸಂಕೇತ ಬಿಡಿಸಲು ಬರುವುದಿಲ್ಲ. ಎಸ್‌ಎಮ್‌ಎಸ್ ಬಂದಿರಬಹುದು. ಅಮ್ಮನದ್ದು ಬಟನ್ ಫೋನ್, ಅದರ ಇನ್‌ಬಾಕ್ಸ್ ರೀಚಾರ್ಜ್ ಕಂಪನಿಯ ಮೆಸೇಜುಗಳಿಂದ ತುಂಬಿ ವರ್ಷವಾಯಿತು.

ಒಂದು ಸಾಲಿನ ಮೇಲೆ ಮಾತ್ರ ನನ್ನ ಕಣ್ಣು ತುಂಬಾ ಹೊತ್ತು ನಿಂತಿತು. 2024ರ ಆಗಸ್ಟಿನದ್ದು. ಆ ತಿಂಗಳು ತೋಟಕ್ಕೆ ಮದ್ದು ಬಿಡುವ ಖರ್ಚಿಗೆ ಅಂತ ಅಮ್ಮ ಖಾತೆಯನ್ನು ಹೆಚ್ಚುಕಡಿಮೆ ಬರಿದು ಮಾಡಿ ನನಗೆ ಕೊಟ್ಟಿದ್ದಳು, ಮಳೆ ಬಿಟ್ಟ ನಾಲ್ಕು ದಿನದಲ್ಲಿ ಬೋರ್ಡೊ ಹೊಡೆಯದಿದ್ದರೆ ಕೊಳೆರೋಗ ಕಾಯುವುದಿಲ್ಲ ಅಂತ ನಿಮಗೂ ಗೊತ್ತಿರಬಹುದು. ಉಳಿದದ್ದು 140 ರೂಪಾಯಿ. ಕಾರ್ಡಿನ ಚಾರ್ಜು ಬೀಳುವ ದಿನ ಅಷ್ಟು ಹಣ ಇರಲಿಲ್ಲ, ಹಾಗಾಗಿ ಅದು ಬಾಕಿ ಅಂತ ಒಳಗೆಲ್ಲೋ ಕಾದು ಕೂತಿದೆ. ಆಮೇಲೆ ಪಿಂಚಣಿ ಬಂತು. ಅದೇ ದಿನ, ಅದೇ ತಾರೀಕು, ಪಿಂಚಣಿಯ ಸಾಲಿನ ಕೆಳಗೇ ಆ ಮೂರು ತುಂಡು. ಬಾಗಿಲಲ್ಲಿ ಕಾದು ನಿಂತವನ ಹಾಗೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಂದೇ ಒಂದು ಕಾರ್ಡ್ ಇರುವಾಗ ವರ್ಷಕ್ಕೆ ಎರಡು ಸಲ ಯಾಕೆ ಕಡಿತವಾಯಿತು? ಕೌಂಟರಿನಲ್ಲಿದ್ದ ಹುಡುಗ, ಕಣ್ಣೂರಿನ ಕಡೆಯವನಿರಬೇಕು, ತುಂಬಾ ಒಳ್ಳೆಯವನು, ಮೊದಲು ತಪ್ಪಾಗಿರಲಿಕ್ಕಿಲ್ಲ ಚೇಟಾ ಅಂದ. ಆಮೇಲೆ ಏನನಿಸಿತೋ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ. ಅಮ್ಮನ ಖಾತೆಯ ಕೆಳಗೆ ಎರಡು ಕಾರ್ಡು. ಒಂದರ ಎದುರು ಹಾಟ್‌ಲಿಸ್ಟ್ ಅಂತ ಇತ್ತು, ಅಂದರೆ ಬ್ಲಾಕ್ ಆದದ್ದು. ಅದು ಬಸ್ಸಿನಲ್ಲಿ ಹೋದ ಕಾರ್ಡ್. ಇನ್ನೊಂದು ಕಪಾಟಿನದ್ದು.

ಅಲ್ಲಿಗೆ ನನಗೆ ಅರ್ಥವಾದದ್ದು ಇದು, ಓದುವ ಎಲ್ಲರಿಗೂ ಇದೊಂದು ಗೊತ್ತಿರಲಿ ಅಂತಲೇ ಬಿಡಿಸಿ ಬರೆಯುತ್ತಿದ್ದೇನೆ. ಕಾರ್ಡ್ ಬ್ಲಾಕ್ ಮಾಡುವುದು ಬೇರೆ, ಕಾರ್ಡ್ ಕ್ಲೋಸ್ ಮಾಡುವುದು ಬೇರೆ. ಬ್ಲಾಕ್ ಮಾಡಿದರೆ ಕಳ್ಳನಿಗೆ ಆ ಕಾರ್ಡಿನಿಂದ ಹಣ ತೆಗೆಯಲು ಆಗುವುದಿಲ್ಲ, ಅಷ್ಟೇ. ಖಾತೆಗೂ ಆ ಕಾರ್ಡಿಗೂ ಇರುವ ಗಂಟು ಬಿಚ್ಚಿದ ಹಾಗೆ ಆಗುವುದಿಲ್ಲ. ಚಾರ್ಜು ಕಡಿತ ಮಾಡುವ ಕಂಪ್ಯೂಟರು ವರ್ಷಕ್ಕೊಮ್ಮೆ, ಕಾರ್ಡ್ ಕೊಟ್ಟ ತಿಂಗಳು ಬಂದಾಗ, ಈ ಖಾತೆಗೆ ಯಾವ ಯಾವ ಕಾರ್ಡ್ ಗಂಟು ಹಾಕಿದೆ ಅಂತ ನೋಡುತ್ತದೆ. ನಮ್ಮ ಹಳೆ ಕಾರ್ಡ್ ಕೊಟ್ಟದ್ದು ಒಂದು ಆಗಸ್ಟಿನಲ್ಲಿ, ಹೊಸದು ಬಂದದ್ದು ಜೂನಿನಲ್ಲಿ. ಎರಡಕ್ಕೂ ಬೇರೆ ಬೇರೆ ಹುಟ್ಟುಹಬ್ಬ. ಕಾರ್ಡ್ ಕೆಲಸ ಮಾಡುತ್ತದಾ, ಯಾರಾದರೂ ಬಳಸಿದ್ದಾರಾ, ಪಿನ್ ಇದೆಯಾ ಅಂತ ಅದು ಕೇಳುವುದಿಲ್ಲ. ಕಳೆದುಹೋದ ದನಕ್ಕೆ ಹುಲ್ಲಿನ ಲೆಕ್ಕ ಬರೆದ ಹಾಗಾಯಿತು ಇದು.

ಎಲ್ಲ ಬ್ಯಾಂಕಿನ ಕಂಪ್ಯೂಟರೂ ಹೀಗೆಯೇ ಅಂತ ನಾನು ಹೇಳುವುದಿಲ್ಲ. ನಮ್ಮ ಖಾತೆಯಲ್ಲಿ ನಡೆದದ್ದು ಹೀಗೆ. ನಿಮ್ಮದರಲ್ಲಿ ನಡೆದಿದೆಯಾ ಅಂತ ತಿಳಿಯಲು ಸುಲಭದ ದಾರಿ ಒಂದೇ: ಒಂದು ವರ್ಷದೊಳಗೆ ನಿರ್ವಹಣಾ ಚಾರ್ಜು ಎರಡು ಬೇರೆ ತಿಂಗಳಲ್ಲಿ ಬಿದ್ದಿದ್ದರೆ, ಎರಡು ಕಾರ್ಡಿರುವ ಸಾಧ್ಯತೆ ಜಾಸ್ತಿ.

ಇನ್ನು ಆ 236 ರೂಪಾಯಿ. ಬದಲಿ ಕಾರ್ಡಿಗೆ ಹಣ ತಗೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ಕಳೆದುಕೊಂಡದ್ದು ನಾವು, ಪ್ಲಾಸ್ಟಿಕ್ಕಿಗೂ ಚಿಪ್ಪಿಗೂ ಪೋಸ್ಟಿಗೂ ಖರ್ಚಿದೆ. ಆದರೆ ಕೇಳಬೇಕಿತ್ತು. ಇದು ನನ್ನ ಆಸೆ ಮಾತ್ರ ಅಲ್ಲ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕ್ರೆಡಿಟ್ ಕಾರ್ಡ್ ಮತ್ತು ಡೆಬಿಟ್ ಕಾರ್ಡ್ ಬಗ್ಗೆ ಒಂದು ದೊಡ್ಡ ನಿರ್ದೇಶನ ಹೊರಡಿಸಿತು, ಆ ವರ್ಷದ ಜುಲೈ 1ರಿಂದ ಜಾರಿಗೆ ಬಂತು. ನಮ್ಮ ಪರ್ಸ್ ಹೋದದ್ದು ಅದಾಗಿ ಹತ್ತು ತಿಂಗಳ ಮೇಲೆ. ಅದರಲ್ಲಿ ಇದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಗ್ರಾಹಕ ಕೇಳದೆ ಕಾರ್ಡ್ ಕಳಿಸಬಾರದು. ಗ್ರಾಹಕ ಹೇಳಿ ಬ್ಲಾಕ್ ಮಾಡಿಸಿದ ಕಾರ್ಡಿಗೆ ಬದಲಾಗಿ ಇನ್ನೊಂದು ಕೊಡುವುದಾದರೆ ಅವನ ಸ್ಪಷ್ಟ ಒಪ್ಪಿಗೆ ಬೇಕು. ಅವಧಿ ಮುಗಿದ ಕಾರ್ಡನ್ನು ನವೀಕರಿಸುವಾಗಲೂ, ಹೊಸದು ಕಳಿಸುವ ಮೊದಲು ಬೇಡ ಅನ್ನುವ ಅವಕಾಶ ಕೊಡಬೇಕು. ಡೆಬಿಟ್ ಕಾರ್ಡ್ ತಗೊಳ್ಳಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ, ಕಾರ್ಡ್ ತಗೊಂಡರೆ ಮಾತ್ರ ಬೇರೆ ಸೌಲಭ್ಯ ಅಂತಲೂ ಹೇಳುವ ಹಾಗಿಲ್ಲ.

ಸ್ಪಷ್ಟ ಒಪ್ಪಿಗೆ ಅಂದರೆ ಏನು ಅಂತ ಕೌಂಟರಿನಲ್ಲಿ ನಮಗೆ ಸಣ್ಣ ಚರ್ಚೆಯೂ ಆಯಿತು. ಬ್ಲಾಕ್ ಮಾಡಿ ಅಂದರೆ ಹೊಸದು ಕೊಡಿ ಅಂತಲೇ ಅರ್ಥ ಅಲ್ವಾ, ಎಲ್ಲರೂ ಹೊಸದು ಕೇಳುತ್ತಾರೆ ಅಂದರು ಪಕ್ಕದ ಸೀಟಿನ ಮೇಡಮ್. ಅಲ್ಲ ಮೇಡಮ್. ಬೀಗದ ಕೀ ಕಳೆಯಿತು ಅಂತ ಅಂಗಡಿಯವನಿಗೆ ಹೇಳಿದರೆ ಅವ ಹೊಸ ಬೀಗವನ್ನು ಮನೆಗೆ ಕಳಿಸಿ ನನ್ನ ಜೇಬಿನಿಂದ ತಾನೇ ಹಣ ತೆಗೆಯುವುದಿಲ್ಲ. ಫೋನಿನಲ್ಲಿ ಒಂದು ಪ್ರಶ್ನೆ ಸಾಕಿತ್ತು: ಹೊಸ ಕಾರ್ಡ್ ಬೇಕಾ, 236 ರೂಪಾಯಿ ಆಗುತ್ತದೆ. ಬೇಡ ಅಂತ ಅಮ್ಮ ಅಲ್ಲಿಯೇ ಹೇಳುತ್ತಿದ್ದಳು. ಆ ಒಂದು ಪ್ರಶ್ನೆ ಇಲ್ಲದ್ದಕ್ಕೆ 236 ಹೋದದ್ದು ಮಾತ್ರ ಅಲ್ಲ, ಮುಂದಿನ ಎರಡು ಜೂನ್‌ಗಳ 590 ಕೂಡ ಅದರ ಬಾಲ ಹಿಡಿದೇ ಹೋಯಿತು.

150 ರೂಪಾಯಿ 250 ಆದದ್ದು ಹೇಗೆ ಅನ್ನುವುದೂ ಇದೆ. ನಿಮ್ಮವರು ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಅಂದರು, ನೋಟೀಸ್ ಬೋರ್ಡಿನಲ್ಲೂ ಹಾಕಿದ್ದೆವು ಅಂದರು. ಅದೇ 2022ರ ನಿರ್ದೇಶನದ ಪ್ರಕಾರ ಕಾರ್ಡಿನ ಷರತ್ತು ಬದಲಿಸುವಾಗ 30 ದಿನ ಮೊದಲು ಗ್ರಾಹಕನಿಗೆ ತಿಳಿಸಬೇಕು, ಬೇಡವಾದರೆ ಬಿಡಲು ಅವನಿಗೆ ಸಮಯ ಸಿಗಬೇಕು. ಆ 30 ದಿನ ಸುಮ್ನಿದ್ದರೆ ಒಪ್ಪಿದ ಹಾಗೆ. ಅಂದರೆ ಆ ಸೂಚನೆ ಅರ್ಥವಾಗದವರೆಲ್ಲ ಒಪ್ಪಿದವರೇ ಆಗಿಬಿಡುತ್ತಾರೆ. ಹಾಗಾಗಿ ಅದು ಯಾವ ಭಾಷೆಯಲ್ಲಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಷರತ್ತುಗಳು ಸರಳವಾಗಿರಬೇಕು, ಆದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತಲೂ ಅದರಲ್ಲಿ ಇತ್ತು. ನಮ್ಮ ಊರಿನ ಸ್ಥಳೀಯ ಭಾಷೆ ಯಾವುದು ಮೆನೇಜರರೇ? ತಿರುವನಂತಪುರದಲ್ಲಿ ಕೂತು ನೋಡಿದರೆ ಮಲಯಾಳ. 1956ರ ನವೆಂಬರ್ 1ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯ ಜತೆ ಇದ್ದವರು, ಅಮ್ಮ ಹುಟ್ಟಿದ್ದು ಅದಕ್ಕೂ ಮೊದಲು, ಶಾಲೆಯಲ್ಲಿ ಕಲಿತದ್ದು ಕನ್ನಡ. ಪಂಚಾಯತಿನಲ್ಲಿ ಕನ್ನಡದ ಅರ್ಜಿ ಸಿಗುತ್ತದೆ, ಕೆಲವೊಮ್ಮೆ ಕೇಳಿ ಕೇಳಿ ಸಾಕಾದ ಮೇಲೆ, ಆದರೂ ಸಿಗುತ್ತದೆ. ನಿಮ್ಮ ಬೋರ್ಡಿನಲ್ಲಿ ಚಾರ್ಜಿನ ಪಟ್ಟಿ ಇಂಗ್ಲಿಷಿನಲ್ಲಿ ಇತ್ತು, ಅದರ ಪಕ್ಕ ಚಿನ್ನದ ಸಾಲದ ಜಾಹೀರಾತು ಮಾತ್ರ ಚಂದದ ಕನ್ನಡದಲ್ಲಿ ಇತ್ತು. ಸಾಲ ಕೊಡುವಾಗ ನಮ್ಮ ಭಾಷೆ ಗೊತ್ತಿರುತ್ತದೆ ಅಂತಾಯಿತು. ತಮಾಷೆಗೆ ಹೇಳಿದ್ದು, ಬೇಜಾರು ಮಾಡಬೇಡಿ. ಆದರೆ ಇದ್ದದ್ದು ಹಾಗೆಯೇ.

ಬಡ್ಡಿಯ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಅಮ್ಮನ ಖಾತೆಯಲ್ಲಿ ಸಾಧಾರಣ ಎಂಟು ಸಾವಿರ ಇರುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಎರಡೂವರೆ ಪರ್ಸೆಂಟ್ ಬಡ್ಡಿ ಅಂದರೆ 200 ರೂಪಾಯಿ. ಎರಡು ಕಾರ್ಡಿನ ಚಾರ್ಜು 590. ಈ 590 ಬಡ್ಡಿಯಿಂದಲೇ ಹುಟ್ಟಬೇಕಾದರೆ ವರ್ಷವಿಡೀ 23,600 ರೂಪಾಯಿ ಮುಟ್ಟದೆ ಖಾತೆಯಲ್ಲಿ ಬಿದ್ದಿರಬೇಕು. ಒಂದೇ ಕಾರ್ಡಾದರೂ 11,800. ಅದಕ್ಕಿಂತ ಕಡಿಮೆ ಇಟ್ಟವರು ಹಣ ಇಡುವುದಕ್ಕೆ ಬಾಡಿಗೆ ಕೊಡುತ್ತಿದ್ದಾರೆ ಅಂತಲೇ ಲೆಕ್ಕ. ಇದನ್ನು ಉಳಿತಾಯ ಖಾತೆ ಅನ್ನುತ್ತೇವೆ.

ನಮ್ಮ ಪಕ್ಕದ ಮನೆಯ ಅಕ್ಕನ ಖಾತೆಯೂ ನಿಮ್ಮ ಶಾಖೆಯಲ್ಲೇ ಇದೆ. ಅವರ ಪಾಸ್‌ಬುಕ್ ತರಿಸಿ ನೋಡಿದೆ, ಕಾರ್ಡಿನ ಚಾರ್ಜು ಒಂದು ಪೈಸೆ ಇಲ್ಲ. ಯಾಕೆಂದರೆ ಅದು ಜನಧನ್ ಖಾತೆ. ಜನಧನ್ ಖಾತೆ ಅಂದರೆ ರಿಸರ್ವ್ ಬ್ಯಾಂಕಿನ ಭಾಷೆಯಲ್ಲಿ ಮೂಲ ಉಳಿತಾಯ ಖಾತೆ, ಬ್ಯಾಂಕಿನವರು ಬಿಎಸ್‌ಬಿಡಿ ಅನ್ನುತ್ತಾರೆ. ಅದರಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಮ್ ಕಾರ್ಡ್ ಪುಕ್ಕಟೆ, ತಿಂಗಳಿಗೆ ಕಡಿಮೆಯೆಂದರೂ ನಾಲ್ಕು ಸಲ ಹಣ ತೆಗೆಯಲು ಚಾರ್ಜಿಲ್ಲ. ಜನಧನ್ ಹೆಸರಿನಲ್ಲೇ ತೆರೆದಿರಬೇಕು ಅಂತಿಲ್ಲ, ಮಾಮೂಲಿ ಉಳಿತಾಯ ಖಾತೆ ಇದ್ದವರು ಅರ್ಜಿ ಕೊಟ್ಟು ಇದಕ್ಕೆ ಬದಲಾಯಿಸಿಕೊಳ್ಳಬಹುದು. ಷರತ್ತು ಒಂದಿದೆ: ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೆ ಇನ್ನೊಂದು ಉಳಿತಾಯ ಖಾತೆ ಇರಬಾರದು. ತಿಂಗಳಿಗೆ ಒಂದೇ ಸಲ ಹಣ ತೆಗೆಯುವ ಅಮ್ಮನಿಗೆ ಇದಕ್ಕಿಂತ ಸರಿಯಾದ ಖಾತೆ ಬೇರೆ ಇಲ್ಲ. ಅದನ್ನು ಅವಳಿಗೆ ನಿಮ್ಮ ಶಾಖೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ವಿಮೆ ಮಾಡಿಸಿ ಅಂತ ಮಾತ್ರ ಮೂರು ಸಲ ಹೇಳಿದ್ದಾರೆ.

ಅವತ್ತು ಕೌಂಟರಿನಿಂದ ಬಂದ ಮೇಲೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ಬಾಯಲ್ಲಿ ಹೇಳಿ ಬಂದದ್ದಕ್ಕೆ ಬೆಲೆ ಇಲ್ಲ ಅಂತ ಗೊತ್ತಿತ್ತು. ಒಂದು ಪುಟದ ಅರ್ಜಿ ಬರೆದೆ, ಅಮ್ಮನ ಸಹಿ ಹಾಕಿಸಿದೆ, ಎರಡು ಪ್ರತಿ ತಂದೆ. ಒಂದು ನಿಮಗೆ, ಇನ್ನೊಂದರ ಮೇಲೆ ತಾರೀಕು ಸಮೇತ ಸೀಲು. ಸೀಲು ಹಾಕಲು ಸ್ವಲ್ಪ ಹಿಂದೆಮುಂದೆ ನೋಡಿದರು, ಹಾಕಿದರು. ಅರ್ಜಿಯಲ್ಲಿ ಚಾರ್ಜು ಜಾಸ್ತಿಯಾಯಿತು, ಬಡವರಿಗೆ ಅನ್ಯಾಯ ಅಂತೆಲ್ಲ ಬರೆಯಲಿಲ್ಲ. ಅದಕ್ಕೆ ಕಾರಣ ಇದೆ. ಎಷ್ಟು ಚಾರ್ಜು ಇಡಬೇಕು ಅನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಅದರ ಮೇಲೆ ದೂರು ಕೊಟ್ಟರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕೂಡ ಕೈಗೆತ್ತಿಕೊಳ್ಳುವುದಿಲ್ಲ. ಬ್ಲಾಕ್ ಆದ ಕಾರ್ಡಿಗೆ ಕಡಿತ ಮಾಡಿದ್ದೀರಿ, ಒಪ್ಪಿಗೆ ಇಲ್ಲದೆ ಬದಲಿ ಕಾರ್ಡ್ ಕಳಿಸಿದ್ದೀರಿ ಅಂತ ಬರೆದರೆ ಅದು ಸೇವೆಯ ಲೋಪ. ಆರು ಕಡಿತದ ತಾರೀಕು, ಮೊತ್ತ, ಎರಡು ಕಾರ್ಡಿನ ಕೊನೆಯ ನಾಲ್ಕು ಅಂಕಿ. ಕಾರ್ಡ್ ಬ್ಲಾಕ್ ಮಾಡಿಸಿದ ದಿನ. ಅಷ್ಟೇ ಬರೆದದ್ದು. ಕೊನೆಗೆ ಎರಡು ಬೇಡಿಕೆ: ಎರಡೂ ಕಾರ್ಡನ್ನು ಕ್ಲೋಸ್ ಮಾಡಿ, ಹಣ ವಾಪಸ್ ಕೊಡಿ.

30 ದಿನ ಕಾಯುವುದು ಅಂತ ಲೆಕ್ಕ ಹಾಕಿದ್ದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. `cms.rbi.org.in` ಅನ್ನುವಲ್ಲಿ ದೂರು ಹಾಕುವುದು, ಹಣ ಕಟ್ಟಬೇಕಾಗಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು. ನೋಡಿ, ರಿಸರ್ವ್ ಬ್ಯಾಂಕಿಗೆ ಕನ್ನಡ ಬರುತ್ತದೆ. ಸೀಲಿದ್ದ ಆ ಪ್ರತಿ ಬೇಕಾಗುವುದು ಅಲ್ಲಿಯೇ, ಬ್ಯಾಂಕಿಗೆ ಮೊದಲು ದೂರು ಕೊಟ್ಟಿದ್ದೀರಾ ಅಂತ ಕೇಳುತ್ತಾರೆ.

ಅರ್ಧ ಹಣದ ಮಟ್ಟಿಗೆ ಅಷ್ಟರ ತನಕ ಹೋಗಬೇಕಾಗಲಿಲ್ಲ. 19ನೇ ದಿನ ಅಮ್ಮನ ಖಾತೆಗೆ 650 ರೂಪಾಯಿ ಬಂತು. ಹಳೆ ಕಾರ್ಡಿನ ಮೂರು ವರ್ಷದ ಚಾರ್ಜು, 150 ಒಂದು ಸಲ, 250 ಎರಡು ಸಲ. ಖುಷಿಯೇ ಆಯಿತು. ಆಮೇಲೆ ನೋಡಿದರೆ ಜಿಎಸ್‌ಟಿ ಬಂದಿಲ್ಲ. ಚಾರ್ಜು ಬೇರೆ ಸಾಲು, ಜಿಎಸ್‌ಟಿ ಬೇರೆ ಸಾಲು ಅಲ್ವಾ, ವಾಪಸ್ ಮಾಡಿದವರು ಮೊದಲ ಸಾಲನ್ನು ಮಾತ್ರ ತಿರುಗಿಸಿದ್ದಾರೆ. ಕೊಡದ ಸೇವೆಗೆ ತೆರಿಗೆ ಎಲ್ಲಿಯದು? ಮತ್ತೆ ಬಂದೆ. ಈ ಸಲ ಆ ಕಣ್ಣೂರಿನ ಹುಡುಗನೇ ಮುತುವರ್ಜಿ ವಹಿಸಿ ಮೇಲಿನವರಿಗೆ ಮೇಲ್ ಹಾಕಿದ. ಒಂದು ವಾರದಲ್ಲಿ ಉಳಿದ 117 ಬಂತು. ಒಟ್ಟು 767. ಅವನಿಗೆ ನನ್ನ ಧನ್ಯವಾದ ತಿಳಿಸಿ, ಅವನಿಗೆ ಬೇರೆ ಕಡೆ ಟ್ರಾನ್ಸ್‌ಫರ್ ಆಯಿತಂತೆ.

ಉಳಿದದ್ದು 826 ರೂಪಾಯಿ. ಬದಲಿ ಕಾರ್ಡಿನ 236, ಅದರ ಎರಡು ವರ್ಷದ 590. ಇದರ ಬಗ್ಗೆ ನಿಮ್ಮ ಉತ್ತರ ಒಂದೇ ಸಾಲಿನದ್ದು, ಇಂಗ್ಲಿಷಿನಲ್ಲಿ, ನಿಯಮದ ಪ್ರಕಾರ ಕಡಿತ ಮಾಡಲಾಗಿದೆ ಅಂತ. ಯಾವ ನಿಯಮ ಅಂತ ಬರೆದಿಲ್ಲ. ನನ್ನ ಪ್ರಶ್ನೆ ಸಣ್ಣದು. 2023ರ ಮೇಯಲ್ಲಿ ಅಮ್ಮ ಮಾಡಿದ ಫೋನ್ ಕರೆಯಲ್ಲಿ ಹೊಸ ಕಾರ್ಡ್ ಬೇಕು ಅಂತ ಅವಳು ಹೇಳಿದ ಮಾತು ಎಲ್ಲಿದೆ? ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಅಂತ ನಿಮ್ಮ ಮೆಷೀನೇ ಶುರುವಿನಲ್ಲಿ ಹೇಳಿತ್ತು. ಕೇಳಿಸಿ. ಅವಳು ಹಾಗೆ ಹೇಳಿದ್ದರೆ ನಾನು ನಿಮ್ಮ ಎದುರೇ ಕ್ಷಮೆ ಕೇಳಿ ಹೋಗುತ್ತೇನೆ. ಇಲ್ಲದಿದ್ದರೆ 826 ಕೊಟ್ಟುಬಿಡಿ, ಜಿಎಸ್‌ಟಿ ಸೇರಿಯೇ ಹೇಳಿದ್ದು, ಆಮೇಲೆ ಮರೆಯುವುದು ಬೇಡ.

ಜತೆಗೆ ಎರಡು ಕೆಲಸ ನಿಮ್ಮ ಕೈಯಲ್ಲೇ ಆಗುವಂಥದ್ದು. ಪಿಂಚಣಿ ಬರುವ ಖಾತೆಗಳ ಪಟ್ಟಿ ನಿಮ್ಮಲ್ಲಿ ಇದೆ, ಅದರಲ್ಲಿ ಎರಡು ಕಾರ್ಡ್ ಗಂಟು ಹಾಕಿಕೊಂಡಿರುವವು ಎಷ್ಟು ಅಂತ ಒಮ್ಮೆ ತೆಗೆಸಿ ನೋಡಿ. ನಮ್ಮದು ಒಂದೇ ಇರಲಾರದು ಅಂತ ನನ್ನ ಅನುಮಾನ. ಮತ್ತೆ ಆ ಚಾರ್ಜಿನ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆ ಮಾಡಿ, ಪಾಸ್‌ಬುಕ್ ಪ್ರಿಂಟ್ ಮಾಡುವ ಮೆಷೀನಿನ ಪಕ್ಕದಲ್ಲೇ ಅಂಟಿಸಿ. ಅನುವಾದ ಮಾಡುವವರು ಇಲ್ಲ ಅಂದರೆ ನಾನು ಮಾಡಿಕೊಡುತ್ತೇನೆ, ಹಣ ಬೇಡ. `DC AMC CHGS` ಅಂದರೆ ಏನು ಅಂತ ಅದರಲ್ಲಿ ಮೊದಲ ಸಾಲಿನಲ್ಲೇ ಬರೆಯೋಣ.

ಊರವರಿಗೆ ಒಂದು ಮಾತು, ಮೆನೇಜರರು ಕ್ಷಮಿಸಬೇಕು. ಕಾರ್ಡ್ ಬೇಡ ಅಂತ ತೀರ್ಮಾನಿಸುವ ಮೊದಲು ಆ ಕಾರ್ಡನ್ನು ಮಕ್ಕಳು ಯಾರಾದರೂ ಫೋನಿನಲ್ಲಿ, ಆನ್‌ಲೈನ್ ಅಂಗಡಿಯಲ್ಲಿ ಎಲ್ಲಾದರೂ ಜೋಡಿಸಿದ್ದಾರಾ ಅಂತ ಕೇಳಿಕೊಳ್ಳಿ. ರುಪೇ ಕಾರ್ಡಾಗಿ ಅದರ ಜತೆ ಅಪಘಾತ ವಿಮೆ ಇದ್ದರೆ ಅದೂ ಹೋಗುತ್ತದೆ. ಆದರೆ ಆ ವಿಮೆ ಸಿಗಬೇಕಾದರೆ ಕಾರ್ಡನ್ನು ಆಗಾಗ ಬಳಸಿರಬೇಕು ಅನ್ನುವ ಷರತ್ತಿದೆ, ಕಪಾಟಿನಲ್ಲಿಟ್ಟ ಕಾರ್ಡಿಗೆ ಅದು ಹೇಗೂ ದಕ್ಕುವುದು ಕಷ್ಟ. ಕಾರ್ಡ್ ಇಲ್ಲದಿದ್ದರೂ ಪಾಸ್‌ಬುಕ್ ತಗೊಂಡು ಹೋಗಿ ಹಣ ತೆಗೆಯಬಹುದು, ಯುಪಿಐಗೆ ಕಾರ್ಡಿನ ಬದಲು ಆಧಾರ್ ಒಟಿಪಿಯಿಂದಲೂ ಸೇರುವ ದಾರಿ ಇದೆ. ಕ್ಲೋಸ್ ಮಾಡಿಸುವುದಾದರೆ ಬ್ಲಾಕ್ ಅನ್ನುವ ಶಬ್ದ ಬಾಯಿಂದ ಬರಲೇಬಾರದು. ಕ್ಲೋಸ್ ಅಂತಲೇ ಬರೆದು ಕೊಡಿ, ಮತ್ತೆ ಒಂದು ವಾರ ಕಳೆದು ಹೋಗಿ ಖಾತೆಯ ಕೆಳಗೆ ಎಷ್ಟು ಕಾರ್ಡ್ ಕಾಣುತ್ತಿದೆ ಅಂತ ಕೇಳಿ ನೋಡಿ.

ನಾವು ಹಾಗೆ ಕೇಳಿದಾಗ ನಿಮ್ಮವರು ಒಂದು ಅಂದರು. ಅರ್ಜಿ ಕೊಟ್ಟ ಮೇಲೂ ಆ ಒಂದು ಹೋಗಿಲ್ಲ. ಕಪಾಟಿನ ಕಾರ್ಡ್ ಇನ್ನೂ ಬದುಕಿಯೇ ಇದೆ, ಅದರ ಹುಟ್ಟುಹಬ್ಬ ಜೂನಿನಲ್ಲಿ. ಅದಕ್ಕಿಂತ ಮೊದಲು ಅದನ್ನು ತೆಗೆದುಹಾಕಿ, ಅಮ್ಮನ ಖಾತೆಯನ್ನು ಮೂಲ ಉಳಿತಾಯ ಖಾತೆಗೆ ಬದಲಾಯಿಸುವ ಅರ್ಜಿಯನ್ನೂ ಈ ಪತ್ರದ ಜತೆಗೇ ಕೊಡುತ್ತಿದ್ದೇನೆ. ಎರಡು ಪ್ರತಿ ಇದೆ. ಒಂದಕ್ಕೆ ಸೀಲು ಹಾಕಿಸಿ ಕೊಡಿ.

ಇಂತಿ,
ಪೆರ್ಲ ಕಡೆಯ ಒಬ್ಬ ಖಾತೆದಾರಳ ಮಗ